ಷೇರು ವಾಪಸ್ ಏರಿದ್ರೂ ದುಡ್ಡು ವಾಪಸ್ ಬರಲಿಲ್ಲ: ಸಾಲದ ಷೇರು ವ್ಯಾಪಾರದ ಲೆಕ್ಕ ಇಲ್ಲಿದೆ

2024ರ ಜೂನ್ 4. ಲೋಕಸಭೆ ಚುನಾವಣೆ ಮತ ಎಣಿಕೆ ದಿನ. ಎಲ್ಲರ ಕಣ್ಣೂ ಟಿವಿ ಮೇಲೆ ಇದ್ದಾಗ, ಷೇರು ಪೇಟೆಯಲ್ಲಿ ದುಡ್ಡು ಹಾಕಿದವರ ಕಣ್ಣು ಮಾತ್ರ ಮೊಬೈಲ್ ಮೇಲಿತ್ತು. ಹಿಂದಿನ ದಿನ 76,468ರಲ್ಲಿ ಮುಗಿದಿದ್ದ ಸೆನ್ಸೆಕ್ಸ್, ಅವತ್ತು ಒಂದು ಹಂತದಲ್ಲಿ 6,000ಕ್ಕೂ ಹೆಚ್ಚು ಅಂಕ ಬಿದ್ದು, ಕೊನೆಗೆ 72,079ಕ್ಕೆ ನಿಂತಿತು. ಒಂದೇ ದಿನದಲ್ಲಿ ಶೇ 5.7ರಷ್ಟು ಕುಸಿತ.

ಆದರೆ ಆಮೇಲೆ ಆಗಿದ್ದೇ ಬೇರೆ. ಮರುದಿನದಿಂದಲೇ ಪೇಟೆ ಏರೋಕೆ ಶುರುವಾಯ್ತು. ಜೂನ್ 7ರ ಶುಕ್ರವಾರ ಸೆನ್ಸೆಕ್ಸ್ 76,693ಕ್ಕೆ ಮುಗಿಯಿತು. ಅಂದ್ರೆ ಬೀಳೋ ಮೊದಲು ಎಲ್ಲಿತ್ತೋ ಅದಕ್ಕಿಂತ ಮೇಲೆ. ಕೈಯಲ್ಲಿದ್ದ ಸ್ವಂತ ದುಡ್ಡಿಂದ ಷೇರು ತಗೊಂಡು ಸುಮ್ಮನೆ ಕೂತವರಿಗೆ ಆ ವಾರ ಒಂದು ಕೆಟ್ಟ ಕನಸು, ಅಷ್ಟೇ. ಬ್ರೋಕರ್ ಹತ್ರ ಸಾಲ ತಗೊಂಡು ಷೇರು ಕೊಂಡಿದ್ದವರ ಕಥೆ ಹಾಗಲ್ಲ. ಬಿದ್ದ ಹೊತ್ತಲ್ಲಿ ಅವರ ಷೇರು ಮಾರಾಟವಾಗಿ ಹೋಗಿದ್ದರೆ, ಶುಕ್ರವಾರದ ಏರಿಕೆ ಅವರಿಗೆ ಬರಲಿಲ್ಲ.

ಈಗ ಹೆಚ್ಚಿನ ಬ್ರೋಕರ್ ಆ್ಯಪ್‌ಗಳಲ್ಲಿ ಷೇರು ಕೊಳ್ಳೋ ಪುಟದಲ್ಲೇ MTF ಅನ್ನೋ ಆಯ್ಕೆ ಇದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಅನ್ನೋದರ ಚಿಕ್ಕ ಹೆಸರು ಅದು. ಒಂದು ಲಕ್ಷ ಇದ್ರೆ ನಾಲ್ಕು ಲಕ್ಷದ ಷೇರು ಕೊಳ್ಳಿ ಅಂತ ಮೆಸೇಜೂ ಬರುತ್ತೆ. ಇದು ಕಾನೂನುಬದ್ಧ ಸೌಲಭ್ಯ, ಸೆಬಿ ನಿಯಮದ ಅಡಿಯಲ್ಲೇ ನಡೆಯುತ್ತೆ. ಆದರೆ ಅದರ ಒಳಗಿನ ಲೆಕ್ಕ ಏನು ಅನ್ನೋದನ್ನ ಮೊದಲು ತಿಳ್ಕೊಳ್ಳೋದು ಒಳ್ಳೇದು.

ಅಣ್ಣ ತಮ್ಮನ ಲೆಕ್ಕ

ಒಂದು ಊರಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸೋ ಅಣ್ಣ ತಮ್ಮ ಇದ್ದಾರೆ ಅಂದ್ಕೊಳ್ಳೋಣ. ಇಬ್ಬರ ಹತ್ರಾನೂ ತಲಾ 1 ಲಕ್ಷ ರೂಪಾಯಿ ಇದೆ. ಇಬ್ಬರೂ ಒಂದೇ ಕಂಪನಿಯ ಷೇರು ಕೊಳ್ತಾರೆ. ಒಂದು ಷೇರಿನ ಬೆಲೆ 400 ರೂ.

ಅಣ್ಣ ತನ್ನ ದುಡ್ಡಲ್ಲೇ 250 ಷೇರು ಕೊಂಡ.

ತಮ್ಮ ಎಂಟಿಎಫ್ ಆಯ್ಕೆ ಒತ್ತಿದ. ಅವನ 1 ಲಕ್ಷಕ್ಕೆ ಬ್ರೋಕರ್ 3 ಲಕ್ಷ ಸಾಲ ಸೇರಿಸಿದ. ಒಟ್ಟು 4 ಲಕ್ಷಕ್ಕೆ 1,000 ಷೇರು ಬಂತು. ಷೇರು ತಮ್ಮನ ಡಿಮ್ಯಾಟ್ ಖಾತೆಗೇ ಬರುತ್ತೆ, ಆದರೆ ಅಡಮಾನದಲ್ಲಿ ಇರುತ್ತೆ. ಮೊದಲು ಕೊಂಡ ದಿನವೇ ಫೋನಿಗೆ ಒಂದು ಲಿಂಕ್ ಬಂದು, ಒಟಿಪಿ ಹಾಕಿ ಅಡಮಾನಕ್ಕೆ ಒಪ್ಪಿಗೆ ಕೊಡಬೇಕಿತ್ತು, ಈಗ ಅಡಮಾನ ತಾನಾಗೇ ಆಗುತ್ತೆ. ಬ್ಯಾಂಕಲ್ಲಿ ಚಿನ್ನ ಇಟ್ಟು ಸಾಲ ತಗೊಂಡ ಹಾಗೇ. ಚಿನ್ನ ನಮ್ಮದೇ, ಸಾಲ ತೀರೋವರೆಗೆ ಕೀಲಿ ಬ್ಯಾಂಕಿನದ್ದು.

ಸಾಲಕ್ಕೆ ಬಡ್ಡಿ ಇದೆ. ಬ್ರೋಕರ್‌ನಿಂದ ಬ್ರೋಕರ್‌ಗೆ ದರ ಬೇರೆ, ಸುಮಾರಾಗಿ ವರ್ಷಕ್ಕೆ ಶೇ 10ರಿಂದ 18ರವರೆಗೆ ಇರುತ್ತೆ. ಲೆಕ್ಕ ಸುಲಭ ಆಗ್ಲಿ ಅಂತ ತಮ್ಮನಿಗೆ ಶೇ 14.6 ಅಂತ ಇಟ್ಕೊಳ್ಳೋಣ. ಅಂದ್ರೆ ನೂರು ರೂಪಾಯಿಗೆ ದಿನಕ್ಕೆ 4 ಪೈಸೆ. 3 ಲಕ್ಷಕ್ಕೆ ದಿನಕ್ಕೆ 120 ರೂ. ಪೇಟೆ ಮುಚ್ಚಿರೋ ಶನಿವಾರ, ಭಾನುವಾರ, ಹಬ್ಬದ ರಜೆಗೂ ಬಡ್ಡಿ ಓಡುತ್ತಲೇ ಇರುತ್ತೆ.

ಏರಿದಾಗ ಸಿಹಿ

ಒಂದು ತಿಂಗಳಲ್ಲಿ ಷೇರು ಶೇ 10 ಏರಿ 440 ಆಯ್ತು ಅನ್ನಿ. ಅಣ್ಣನಿಗೆ 10,000 ರೂ ಲಾಭ. ತಮ್ಮನ 1,000 ಷೇರಿಗೆ 40,000 ರೂ ಲಾಭ. ತಿಂಗಳ ಬಡ್ಡಿ 3,600 ಕಳೆದ್ರೂ 36,400 ಕೈಗೆ. ಹಾಕಿದ್ದು ಒಂದು ಲಕ್ಷ, ಬಂದಿದ್ದು ಶೇ 36. ಅಣ್ಣನಿಗಿಂತ ಮೂರೂವರೆ ಪಟ್ಟು ಹೆಚ್ಚು.

ಇಂಥ ತಿಂಗಳು ಒಂದೆರಡು ಸಿಕ್ಕಿದ್ರೆ ಸಾಕು, ತಮ್ಮನಿಗೆ ಅಣ್ಣನ ಲೆಕ್ಕ ದಡ್ಡತನ ಅನ್ನಿಸೋಕೆ ಶುರುವಾಗುತ್ತೆ. ಜಾಹೀರಾತು ತೋರಿಸೋದೂ ಈ ಭಾಗ ಮಾತ್ರ.

ಷೇರು ಏರದೆ ಇಳಿಯದೆ ಅಲ್ಲೇ ನಿಂತ್ರೂ ತಮ್ಮನಿಗೆ ನಷ್ಟವೇ. ವರ್ಷಕ್ಕೆ ಬಡ್ಡಿ 43,800 ರೂ. ಅದನ್ನ ತುಂಬಿಸೋಕೇ ಷೇರು ವರ್ಷಕ್ಕೆ ಸುಮಾರು ಶೇ 11 ಏರಬೇಕು. ಅದರ ಮೇಲೆ ಬಂದಿದ್ದು ಮಾತ್ರ ಲಾಭ.

ಇಳಿದಾಗ ಬರೋ ಮೆಸೇಜ್

ಈಗ ಉಲ್ಟಾ ನೋಡೋಣ. ಅಣ್ಣ ತಮ್ಮ ಇಬ್ಬರೂ ಜೂನ್ 3ರಂದು 400ಕ್ಕೆ ಕೊಂಡಿದ್ದಾರೆ. ಜೂನ್ 4ರಂದು ಷೇರು ಶೇ 10 ಬಿದ್ದು 360 ಆಯ್ತು ಅನ್ನಿ.

ಅಣ್ಣನ 250 ಷೇರಿನ ಬೆಲೆ ಈಗ 90,000 ರೂ. 10,000 ಕಮ್ಮಿ. ಬೇಜಾರು ಖಂಡಿತ ಆಗುತ್ತೆ. ಆದ್ರೆ ಅವನನ್ನ ಯಾರೂ ಕೇಳೋರಿಲ್ಲ. ಫೋನ್ ಮಡಚಿಟ್ಟು ಅಂಗಡಿ ಕೆಲಸ ನೋಡ್ಕೊಳ್ತಾನೆ.

ತಮ್ಮನ 1,000 ಷೇರಿನ ಬೆಲೆ 3,60,000. ಅದರಲ್ಲಿ ಬ್ರೋಕರ್ ಸಾಲ 3 ಲಕ್ಷ ಹಾಗೇ ಇದೆ, ಪೇಟೆ ಬಿತ್ತು ಅಂತ ಸಾಲ ಕಮ್ಮಿ ಆಗಲ್ಲ. ಉಳಿದ 60,000 ಮಾತ್ರ ತಮ್ಮನ ದುಡ್ಡು. ಷೇರು ಬಿದ್ದಿದ್ದು ಶೇ 10, ಅವನ ಸ್ವಂತ ದುಡ್ಡು ಕರಗಿದ್ದು ಶೇ 40. ನಾಲ್ಕು ಪಟ್ಟು ಅನ್ನೋದು ಎರಡೂ ಕಡೆ ಕೊಯ್ಯೋದು ಹೀಗೆ.

ಇಷ್ಟಾದ್ರೂ ತಮ್ಮನೂ ಕಾಯಬಹುದಲ್ವಾ? ಕಾಯೋ ಹಾಗಿಲ್ಲ. ಇಲ್ಲೇ ಇರೋದು ವಿಷಯ.

ಬ್ರೋಕರ್ ಸಾಲ ಕೊಡುವಾಗ ಒಂದು ಷರತ್ತು ಇರುತ್ತೆ. ಷೇರಿನ ಬೆಲೆಯಲ್ಲಿ ಇಂತಿಷ್ಟು ಪಾಲು ಯಾವಾಗಲೂ ಗ್ರಾಹಕನದ್ದೇ ಆಗಿರಬೇಕು. ಇದಕ್ಕೆ ಮಾರ್ಜಿನ್ ಅಂತಾರೆ. ಯಾವ ಷೇರಿಗೆ ಕನಿಷ್ಠ ಎಷ್ಟು ಅನ್ನೋದು ಸೆಬಿ ಸೂತ್ರದ ಪ್ರಕಾರ ನಿರ್ಧಾರ ಆಗುತ್ತೆ, ಹೆಚ್ಚು ಏರುಪೇರು ಇರೋ ಷೇರಿಗೆ ಹೆಚ್ಚು. ಲೆಕ್ಕ ಹಾಕೋ ಪದ್ಧತಿ ಬ್ರೋಕರ್‌ಗಳಲ್ಲಿ ಸ್ವಲ್ಪ ಬೇರೆ ಬೇರೆ ಇರುತ್ತೆ. ಇಲ್ಲಿ ಆಗಿನ ಬೆಲೆಯ ಶೇ 25 ಅಂತ ಇಟ್ಕೊಂಡ್ರೆ, 3,60,000ಕ್ಕೆ ತಮ್ಮನ ಪಾಲು 90,000 ಇರಬೇಕು. ಇರೋದು 60,000. ಕೊರತೆ 30,000.

ಸಂಜೆ ಫೋನಿಗೆ ಮೆಸೇಜ್ ಬರುತ್ತೆ: ಕೊರತೆ ತುಂಬಿಸಿ, ಇಲ್ಲದಿದ್ರೆ ಷೇರು ಮಾರಲಾಗುವುದು. ಇದಕ್ಕೇ ಮಾರ್ಜಿನ್ ಕಾಲ್ ಅನ್ನೋದು.

"ಅಣ್ಣಾ, ಗಲ್ಲಾದಲ್ಲಿ ಮೂವತ್ತು ಸಾವಿರ ಇದೆಯಾ?" ಅಂತ ತಮ್ಮ ಕೇಳ್ತಾನೆ.

"ನಾಳೆ ಪೇಂಟ್ ಡೀಲರ್ ಚೆಕ್ ಇದೆ ಕಣೋ. ಕಾಂಟ್ರಾಕ್ಟರ್ ಇನ್ನೂ ದುಡ್ಡು ಕೊಟ್ಟಿಲ್ಲ. ಎಲ್ಲಿಂದ ತರ್ಲಿ?" ಅಂತಾನೆ ಅಣ್ಣ.

30 ಸಾವಿರ ಕೊರತೆಗೆ 1.20 ಲಕ್ಷದ ಮಾರಾಟ

ತಮ್ಮ ದುಡ್ಡು ಕಟ್ಟಲಿಲ್ಲ. ಮರುದಿನ ಬೆಳಗ್ಗೆ ಷೇರು 360ರಲ್ಲೇ ತೆರೆಯಿತು, ಬ್ರೋಕರ್ ಮಾರಿದ. ಪೇಟೆ ಭಾಷೆಯಲ್ಲಿ ಇದು ಸ್ಕ್ವೇರ್ ಆಫ್. ಎಷ್ಟು ಮಾರಬೇಕು?

30,000 ಕೊರತೆ, 30,000ದ ಷೇರು ಮಾರಿದ್ರೆ ಸಾಕು ಅಂತ ಎಲ್ಲರೂ ಅಂದ್ಕೊಳ್ತಾರೆ. ಸಾಕಾಗಲ್ಲ. ತಮ್ಮನ ಸ್ವಂತ ಪಾಲು ಈಗ 60,000 ಮಾತ್ರ. 60,000 ಶೇ 25 ಆಗಬೇಕಾದ್ರೆ ಒಟ್ಟು ಷೇರು 2,40,000 ರೂಪಾಯಿಗಿಂತ ಹೆಚ್ಚು ಇರೋ ಹಾಗಿಲ್ಲ. ಇರೋದು 3,60,000. ಹಾಗಾಗಿ 1,20,000 ರೂಪಾಯಿಯ ಷೇರು, ಅಂದ್ರೆ 334 ಷೇರು ಹೋಯ್ತು. ಕೊರತೆಯ ನಾಲ್ಕು ಪಟ್ಟು ಮಾರಾಟ.

ಮಾರಿದ ದುಡ್ಡು 1,20,240 ಸಾಲಕ್ಕೆ ಜಮಾ ಆಯ್ತು. ಉಳಿದ ಸಾಲ 1,79,760. ಉಳಿದ ಷೇರು 666.

ಈಗ ಶುಕ್ರವಾರ ಬಂತು. ಪೇಟೆ ಏರಿತು, ಆ ಷೇರೂ ವಾಪಸ್ 400ಕ್ಕೆ ಬಂತು. ಅಣ್ಣನ 250 ಷೇರು ಮತ್ತೆ ಸರಿಯಾಗಿ 1 ಲಕ್ಷ. ಅವನಿಗೆ ಏನೂ ಆಗಿಲ್ಲ.

ತಮ್ಮನ 666 ಷೇರಿಗೆ 400ರ ಹಾಗೆ 2,66,400. ಸಾಲ 1,79,760 ಕಳೆದ್ರೆ ಅವನಿಗೆ ಉಳಿದಿದ್ದು 86,640. ಷೇರು ಹೊರಟ ಜಾಗಕ್ಕೇ ಬಂದು ನಿಂತಿದೆ, ಆದ್ರೆ ತಮ್ಮನ 13,360 ರೂ ಕಾಣೆ. ಬಡ್ಡಿ, ಬ್ರೋಕರೇಜ್ ಬೇರೆ.

ಆ ದುಡ್ಡು ಎಲ್ಲಿ ಹೋಯ್ತು? 360ಕ್ಕೆ ಮಾರಿದ 334 ಷೇರಿನ ಜೊತೆ ಹೋಯ್ತು. ಒಂದೊಂದಕ್ಕೆ 40 ರೂಪಾಯಿ ನಷ್ಟ ಅಲ್ಲೇ ಖಾಯಂ ಆಯ್ತು. ಅಣ್ಣನಿಗೂ ಬುಧವಾರ ಷೇರಿಗೆ 40 ರೂಪಾಯಿ ನಷ್ಟವೇ ಇತ್ತು, ಆದ್ರೆ ಅದು ಬರೀ ಕಾಗದದ ಮೇಲಿನ ನಷ್ಟ. ಸಾಲ ತಗೊಂಡವನು ಬಡ್ಡಿ ಜೊತೆಗೆ ಇನ್ನೊಂದನ್ನೂ ಕೊಟ್ಟಿರ್ತಾನೆ. ಅದು ಕಾಯೋ ಹಕ್ಕು. ಯಾವಾಗ ಮಾರಬೇಕು ಅನ್ನೋ ತೀರ್ಮಾನ ಅವನ ಕೈಲಿ ಇರಲ್ಲ.

ಹೋಲ್‌ಸೇಲ್‌ನಿಂದ ಉದ್ರಿ ಮಾಲು ತರೋ ಅಂಗಡಿಯವರಿಗೆ ಇದು ಹೊಸದೇನಲ್ಲ. ದೀಪಾವಳಿಗೆ ಅಂತ ಮಾಲು ತುಂಬಿಸಿಟ್ಟಾಗ, ಹಬ್ಬಕ್ಕೆ ಹದಿನೈದು ದಿನ ಮೊದಲೇ ಹೋಲ್‌ಸೇಲಿನವನು ದುಡ್ಡು ಅಂತ ಬಂದು ಕೂತ್ರೆ, ಸಿಕ್ಕ ರೇಟಿಗೆ ಮಾಲು ಖಾಲಿ ಮಾಡ್ಬೇಕಾಗುತ್ತೆ. ಮಾಲು ಕೆಟ್ಟದ್ದಲ್ಲ, ಸಮಯ ಸಾಲಗಾರನದ್ದಲ್ಲ.

ದುಡ್ಡು ಕಟ್ಟಿದ್ರೆ?

ತಮ್ಮ ಹೇಗೋ ಮಾಡಿ 30,000 ಕಟ್ಟಿದ್ದ ಅಂದ್ಕೊಳ್ಳಿ. ಆಗ 1,000 ಷೇರೂ ಉಳೀತಿತ್ತು, ಶುಕ್ರವಾರ ನಷ್ಟ ಇಲ್ಲದೆ ಬಚಾವಾಗ್ತಿದ್ದ. ಆದ್ರೆ ಶುಕ್ರವಾರ ಏರುತ್ತೆ ಅಂತ ಮಂಗಳವಾರ ಯಾರಿಗೂ ಗೊತ್ತಿರಲಿಲ್ಲ.

ಏರದೆ ಇನ್ನೂ ಬಿದ್ದಿದ್ರೆ? 30,000 ಕಟ್ಟಿದ ಮೇಲೆ ಸಾಲ 2,70,000. ಷೇರು 340ಕ್ಕೆ ಇಳಿದ್ರೆ ತಮ್ಮನ ಪಾಲು 70,000, ಇರಬೇಕಾದ್ದು 85,000. ಮತ್ತೆ 15,000 ತಾ. 320ಕ್ಕೆ ಇಳಿದ್ರೆ ಮತ್ತೆ 15,000. 1,000 ಷೇರು ಇಟ್ಕೊಂಡವನಿಗೆ ಒಂದೊಂದು ರೂಪಾಯಿ ಇಳಿಕೆಯೂ 750 ರೂಪಾಯಿ ಕೇಳುತ್ತೆ. ಇಂಥ ಹೊತ್ತಲ್ಲೇ ಡೀಲರ್‌ಗೆ ಕೊಡಬೇಕಾದ ದುಡ್ಡು, ಮಗಳ ಫೀಸು, ಚೀಟಿ ದುಡ್ಡು ಒಂದೊಂದಾಗಿ ಆ ಕಡೆ ಹೋಗೋದು. ಒಂದು ಲಕ್ಷ ಹಾಕಿ ನೋಡೋಣ ಅಂತ ಶುರು ಮಾಡಿದ್ದು, ಅಂಗಡಿ ಬಂಡವಾಳಕ್ಕೇ ಕೈ ಹಾಕಿರುತ್ತೆ.

ಕಟ್ಟೋಕೆ ಸಮಯ ಸಿಗುತ್ತೆ ಅಂತಲೂ ನಂಬೋ ಹಾಗಿಲ್ಲ. ಬೆಲೆ ಜೋರಾಗಿ ಬೀಳ್ತಾ ಇದ್ರೆ ಮುನ್ಸೂಚನೆ ಇಲ್ಲದೆ ಅದೇ ದಿನ ಮಾರೋ ಅಧಿಕಾರ ಬ್ರೋಕರ್‌ಗೆ ಇದೆ ಅಂತ ಕೆಲವು ಒಪ್ಪಂದಗಳಲ್ಲಿ ಬರೆದಿರುತ್ತೆ. ಖಾತೆ ತೆರೆಯುವಾಗ ಓದದೆ ಒಪ್ಪಿಗೆ ಅಂತ ಒತ್ತಿರೋ ಪುಟದಲ್ಲೇ ಅದು ಇರುತ್ತೆ.

ಬೀಳೋ ಪೇಟೆಯಲ್ಲಿ ಷರತ್ತೂ ಬಿಗಿ

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಮಾರ್ಜಿನ್ ಶೇ 25 ಅಂದ್ರೆ ಅದು ಕಲ್ಲಲ್ಲಿ ಕೆತ್ತಿದ್ದಲ್ಲ. ಏರುಪೇರು ಹೆಚ್ಚಾದ ಹಾಗೆ ಅದೂ ಹೆಚ್ಚಾಗುತ್ತೆ. ಷೇರು 360ರಲ್ಲೇ ಇದ್ದು, ಮಾರ್ಜಿನ್ ಶೇ 25ರಿಂದ 35ಕ್ಕೆ ಹೋದ್ರೆ, ತಮ್ಮನ ಪಾಲು 90,000 ಅಲ್ಲ, 1,26,000 ಇರಬೇಕು. ಬೆಲೆ ಇನ್ನು ಒಂದು ರೂಪಾಯಿ ಇಳಿಯದೆಯೂ ಕೊರತೆ 30,000ದಿಂದ 66,000ಕ್ಕೆ ಹಾರುತ್ತೆ.

ಜೊತೆಗೆ, ಮೆಸೇಜ್ ಬಂದಿರೋದು ತಮ್ಮ ಒಬ್ಬನಿಗೇ ಅಲ್ಲ. ಅದೇ ಷೇರನ್ನ ಸಾಲದಲ್ಲಿ ಕೊಂಡ ಎಲ್ಲರಿಗೂ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಬಂದಿರುತ್ತೆ. ಎಲ್ಲರ ಷೇರೂ ಒಟ್ಟಿಗೆ ಮಾರಾಟಕ್ಕೆ ಬಂದ್ರೆ ಬೆಲೆ ಇನ್ನೂ ಇಳಿಯುತ್ತೆ. ಇಳಿದ್ರೆ ಇನ್ನಷ್ಟು ಜನಕ್ಕೆ ಮೆಸೇಜ್ ಹೋಗುತ್ತೆ. ಸಂತೆ ಮುಗಿಯೋ ಹೊತ್ತಲ್ಲಿ ಎಲ್ಲರೂ ಒಟ್ಟಿಗೆ ಟೊಮೆಟೊ ಸುರಿದ ಹಾಗೆ. ಸಾಲದ ಷೇರು ಜಾಸ್ತಿ ಇರೋ ಕಂಪನಿಗಳು ಕಾರಣ ಇಲ್ಲದೆ ಹೆಚ್ಚು ಬೀಳೋದಕ್ಕೆ ಇದೂ ಒಂದು ಕಾರಣ.

ಬೆಲೆ 300ಕ್ಕೆ ಇಳಿದ್ರೆ, ಅಂದ್ರೆ ಶೇ 25 ಬಿದ್ರೆ, ಒಂದೂ ಷೇರು ಮಾರದೆ ಉಳಿಸ್ಕೊಂಡಿದ್ದ ತಮ್ಮನ ಒಂದು ಲಕ್ಷ ಪೂರ್ತಿ ಸೊನ್ನೆ. ಅದಕ್ಕಿಂತ ಕೆಳಗೆ ಇಳಿದ್ರೆ ಅವನೇ ಬ್ರೋಕರ್‌ಗೆ ಕೊಡಬೇಕು. ಅಲ್ಲೀವರೆಗೆ ಬ್ರೋಕರ್ ಬಿಡಲ್ಲ, ಮೊದಲೇ ಮಾರ್ತಾನೆ ನಿಜ. ಆದ್ರೆ ಕೆಟ್ಟ ಸುದ್ದಿ ಬಂದು ಷೇರು ಲೋವರ್ ಸರ್ಕ್ಯೂಟ್‌ಗೆ ಹೋದ್ರೆ ಕೊಳ್ಳೋರೇ ಇರಲ್ಲ, ಮಾರಬೇಕು ಅಂದ್ರೂ ಆಗಲ್ಲ. ಹಾಕಿದ ದುಡ್ಡಿಗಿಂತ ಹೆಚ್ಚು ಕಳ್ಕೊಳ್ಳೋ ದಾರಿ ಅದು. ಅಣ್ಣನಿಗೆ ಆ ಭಯ ಇಲ್ಲ. ಏನೇ ಆದ್ರೂ ಅವನು ಹಾಕಿದ ಒಂದು ಲಕ್ಷದ ಆಚೆ ಹೋಗಲ್ಲ.

ಮೆಸೇಜ್ ಯಾವ ಬೆಲೆಗೆ ಬರುತ್ತೆ? ಮೊದಲೇ ಲೆಕ್ಕ ಹಾಕಬಹುದು

ಇದಕ್ಕೆ ಒಂದು ಸುಲಭ ಲೆಕ್ಕ ಇದೆ, ಕ್ಯಾಲ್ಕ್ಯುಲೇಟರ್ ಇದ್ರೆ ಸಾಕು. ಮಾರ್ಜಿನ್ ಶೇ 25 ಇದ್ದಾಗ, ಷೇರಿನ ಸಂಖ್ಯೆಯನ್ನ 0.75ರಿಂದ ಗುಣಿಸಿ. ಬಂದ ಸಂಖ್ಯೆಯಿಂದ ಸಾಲವನ್ನ ಭಾಗಿಸಿ. ಸಿಗೋ ಬೆಲೆಗಿಂತ ಷೇರು ಕೆಳಗೆ ಹೋದ್ರೆ ಮೆಸೇಜ್ ಗ್ಯಾರಂಟಿ. ಮಾರ್ಜಿನ್ ಶೇ 40 ಇದ್ರೆ 0.75ರ ಜಾಗದಲ್ಲಿ 0.60 ಹಾಕಬೇಕು.

ತಮ್ಮನ ಲೆಕ್ಕ: 1,000 ಷೇರು, 0.75ರಿಂದ ಗುಣಿಸಿದ್ರೆ 750. ಸಾಲ 3,00,000ವನ್ನ 750ರಿಂದ ಭಾಗಿಸಿದ್ರೆ 400. ಅಂದ್ರೆ ಅವನು ಕೊಂಡ ಬೆಲೆಯೇ! ಆ್ಯಪ್ ಕೊಡೋ ಪೂರ್ತಿ ಸಾಲವನ್ನ ಬಳಸಿಕೊಂಡವನಿಗೆ ಒಂದು ರೂಪಾಯಿ ಇಳಿಕೆ ತಡ್ಕೊಳ್ಳೋ ಜಾಗವೂ ಇರಲ್ಲ. ಮೊದಲ ದಿನದಿಂದಲೇ ಅವನು ಅಂಚಲ್ಲಿ ನಿಂತಿರ್ತಾನೆ.

ಅದೇ ತಮ್ಮ 3 ಲಕ್ಷದ ಬದಲು 1 ಲಕ್ಷ ಮಾತ್ರ ಸಾಲ ತಗೊಂಡು 500 ಷೇರು ಕೊಂಡಿದ್ರೆ? 500ಕ್ಕೆ 0.75 ಗುಣಿಸಿದ್ರೆ 375. ಸಾಲ 1,00,000ವನ್ನ ಭಾಗಿಸಿದ್ರೆ ಸುಮಾರು 267. ಷೇರು 400ರಿಂದ 267ಕ್ಕೆ, ಅಂದ್ರೆ ಶೇ 33 ಬೀಳೋವರೆಗೆ ಮೆಸೇಜ್ ಬರಲ್ಲ. ಜೂನ್ 4ರಂಥ ದಿನ ಆರಾಮಾಗಿ ದಾಟ್ತಿದ್ದ.

ಹಾಗಂತ ಅರ್ಧ ಸಾಲ ಪೂರ್ತಿ ಸುರಕ್ಷಿತ ಅಂತಲ್ಲ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,273ರವರೆಗೆ ಹೋಗಿತ್ತು. ಕೊರೊನಾ ಬಂತು. ಮಾರ್ಚ್ 23ರಂದು ಒಂದೇ ದಿನ ಶೇ 13 ಬಿದ್ದು 25,981ಕ್ಕೆ ಮುಗಿಯಿತು. ಶೇ 10 ಬಿದ್ದಾಗ ವ್ಯವಹಾರವನ್ನೇ 45 ನಿಮಿಷ ನಿಲ್ಲಿಸಿದ್ರೂ ಕುಸಿತ ನಿಲ್ಲಲಿಲ್ಲ. ನಾಲ್ಕು ಪಟ್ಟು ಕೊಂಡಿದ್ದವನಿಗೆ ಆ ಒಂದು ದಿನದಲ್ಲೇ ಸ್ವಂತ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಹೋಗೋ ಲೆಕ್ಕ ಅದು. ಜನವರಿಯ ಎತ್ತರದಿಂದ ಒಟ್ಟು ಕುಸಿತ ಶೇ 38.5. ಶೇ 33ರ ಗೆರೆ ಇಟ್ಕೊಂಡವನಿಗೂ ಮೆಸೇಜ್ ಬರ್ತಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸೆನ್ಸೆಕ್ಸ್ ಹಳೆಯ ಎತ್ತರವನ್ನ ದಾಟಿತು. ಸ್ವಂತ ದುಡ್ಡಿನವರು ಹತ್ತು ತಿಂಗಳು ಕಾದ್ರು. ಸಾಲದವರಿಗೆ ಹತ್ತು ತಿಂಗಳು ಕೊಡೋರು ಯಾರೂ ಇರಲಿಲ್ಲ.

ಒತ್ತೋ ಮೊದಲು ನೋಡ್ಕೊಳ್ಳಿ

ಈಗಾಗಲೇ ಎಂಟಿಎಫ್‌ನಲ್ಲಿ ಷೇರು ಇರೋರು ಆ್ಯಪ್‌ನಲ್ಲಿ ಮೂರು ಸಂಖ್ಯೆ ಹುಡುಕಬೇಕು: ಸಾಲ ಎಷ್ಟು ಉಳಿದಿದೆ, ದಿನಕ್ಕೆ ಬಡ್ಡಿ ಎಷ್ಟು, ಆ ಷೇರಿಗೆ ಈಗ ಮಾರ್ಜಿನ್ ಶೇಕಡಾ ಎಷ್ಟು. ಮೇಲಿನ ಲೆಕ್ಕ ಹಾಕಿ, ಮೆಸೇಜ್ ಬರೋ ಬೆಲೆಯನ್ನ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಇವತ್ತಿನ ಬೆಲೆ ಅದಕ್ಕೆ ಹತ್ತಿರ ಇದ್ರೆ, ಪೇಟೆ ಸಮಾಧಾನವಾಗಿ ಇರೋವಾಗಲೇ ಸ್ವಲ್ಪ ಷೇರು ಮಾರಿ ಸಾಲ ಇಳಿಸೋದು ಉತ್ತಮ. ಈಗ ಮಾರಿದ್ರೆ ಎಷ್ಟು, ಯಾವ ಬೆಲೆಗೆ ಅನ್ನೋದು ಮಾಲೀಕನ ಇಷ್ಟ. ಮೆಸೇಜ್ ಬಂದ ಮೇಲೆ ಅದು ಬ್ರೋಕರ್ ಇಷ್ಟ.

ಗೊತ್ತಿಲ್ಲದೆ ಎಂಟಿಎಫ್‌ನಲ್ಲಿ ಕೊಂಡಿರೋರೂ ಇದ್ದಾರೆ. ಕೊಳ್ಳೋ ಪುಟದಲ್ಲಿ ಡೆಲಿವರಿ ಬದಲು MTF ಆಯ್ಕೆ ಆಗಿದೆಯಾ ಅಂತ ಪ್ರತಿ ಸಲ ನೋಡಬೇಕು. ಖಾತೆ ಸ್ಟೇಟ್‌ಮೆಂಟ್‌ನಲ್ಲಿ ದಿನಾ ಬಡ್ಡಿ ಕಾಣ್ತಾ ಇದೆ ಅಂದ್ರೆ, ಸಾಲ ಆಗಿದೆ ಅಂತಲೇ ಅರ್ಥ.

ಡಿಮ್ಯಾಟ್ ಖಾತೆ ಬೇಡ, ಹತ್ತು ಸಾವಿರ ಕೊಡಿ, ಐದು ಲಕ್ಷದ ಆಟ ಆಡಿ ಅಂತ ವಾಟ್ಸಾಪ್, ಟೆಲಿಗ್ರಾಂನಲ್ಲಿ ಕರೆಯೋರ ವ್ಯವಹಾರ ಎಂಟಿಎಫ್ ಅಲ್ಲ. ಷೇರು ನಿಜವಾಗಿ ಕೊಳ್ಳದೆಯೇ ನಡೆಸೋ ಈ ಡಬ್ಬಾ ವ್ಯಾಪಾರ ಕಾನೂನುಬಾಹಿರ, ದುಡ್ಡು ಹೋದ್ರೆ ಎಕ್ಸ್‌ಚೇಂಜ್ ರಕ್ಷಣೆಯೂ ಇರಲ್ಲ. ನೋಂದಾಯಿತ ಬ್ರೋಕರ್ ಒಪ್ಪಂದ ಮೀರಿ ಷೇರು ಮಾರಿದ್ದಾನೆ ಅನ್ನಿಸಿದ್ರೆ ಮೊದಲು ಬ್ರೋಕರ್‌ಗೆ ಲಿಖಿತ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ರೆ ಸೆಬಿಯ SCORES ಜಾಲತಾಣದಲ್ಲಿ ದೂರು ದಾಖಲಿಸಬಹುದು. ಬಂದ ಮೆಸೇಜ್‌ಗಳನ್ನ, ಸ್ಟೇಟ್‌ಮೆಂಟ್‌ಗಳನ್ನ ಅಳಿಸದೆ ಇಟ್ಕೊಂಡಿರಿ, ಅವೇ ಸಾಕ್ಷಿ.